ಎಲ್ಲ ಅಂಕಿಗೂ ಸರಾಸರಿ ಹೊಂದುವುದಿಲ್ಲ: ನಾಲ್ಕು ಅಳತೆಗೋಲುಗಳ ಕಥೆ

ಕುಡಿಯುವ ನೀರಿನ ಬಗ್ಗೆ ಒಂದು ಊರಿನಲ್ಲಿ ಮನೆಮನೆ ಸುತ್ತಿ ವರದಿ ಮಾಡಲು ಹೊರಟಿದ್ದೆವು. ನಲ್ಲಿ ನೀರು ಹೇಗಿದೆ ಎಂದು ಕೇಳಿ, ‘ತುಂಬಾ ಕೆಟ್ಟದು’ ಎಂದರೆ 1, ‘ಕೆಟ್ಟದು’ ಎಂದರೆ 2, ‘ಪರವಾಗಿಲ್ಲ’ ಎಂದರೆ 3, ‘ಚೆನ್ನಾಗಿದೆ’ ಎಂದರೆ 4, ‘ತುಂಬಾ ಚೆನ್ನಾಗಿದೆ’ ಎಂದರೆ 5 ಎಂದು ಗುರುತು ಹಾಕಿಕೊಂಡೆವು. ಆಮೇಲೆ ಕೂಡಿಸಿ ಭಾಗಿಸಿ, ಮೂಡಲ ಕೇರಿಗೆ ಇಷ್ಟು, ಪಡುವಣ ಕೇರಿಗೆ ಇಷ್ಟು ಎಂದು ಸರಾಸರಿ ಬರೆದೆವು. ಅದನ್ನು ಓದಿ ತೋರಿಸಿದಾಗ ಕಟ್ಟೆಯ ಮೇಲಿದ್ದ ಅಜ್ಜ ಕೇಳಿದರು: “ಪರವಾಗಿಲ್ಲ ಅನ್ನೋದಕ್ಕೂ ಚೆನ್ನಾಗಿದೆ ಅನ್ನೋದಕ್ಕೂ ನಡುವೆ ಪಾಯಿಂಟ್ ಆರು ಅಂದ್ರೆ ಎಷ್ಟು ಕೊಡ ನೀರಪ್ಪಾ?”

ನಮ್ಮ ಹತ್ತಿರ ಉತ್ತರವಿರಲಿಲ್ಲ. ಆಮೇಲೆ ಹುಡುಕಿ ಓದಿದಾಗ ತಿಳಿಯಿತು, ಇಂಥದ್ದೇ ಪ್ರಶ್ನೆಗೆ ಬ್ರಿಟನ್ನಿನ ದೊಡ್ಡ ದೊಡ್ಡ ವಿಜ್ಞಾನಿಗಳು ವರ್ಷಗಟ್ಟಲೆ ಕಿತ್ತಾಡಿದ್ದರು.

1932ರಲ್ಲಿ ಬ್ರಿಟಿಷ್ ಅಸೋಸಿಯೇಷನ್ ಎಂಬ ವಿಜ್ಞಾನಿಗಳ ಸಂಘ ಒಂದು ಸಮಿತಿ ಮಾಡಿತು. ಅದರಲ್ಲಿ ಒಂದು ಕಡೆ ಭೌತಶಾಸ್ತ್ರದವರು, ಇನ್ನೊಂದು ಕಡೆ ಮನಃಶಾಸ್ತ್ರದವರು. ಮನುಷ್ಯನ ಅನುಭವವನ್ನು ಅಂಕಿಯಲ್ಲಿ ಅಳೆಯಬಹುದೇ ಎಂಬುದು ಅವರ ಮುಂದಿದ್ದ ಪ್ರಶ್ನೆ. ಉದಾಹರಣೆಗೆ, ಈ ಶಬ್ದ ಆ ಶಬ್ದಕ್ಕಿಂತ ಎರಡರಷ್ಟು ಜೋರು ಎಂದು ಕಿವಿಯ ಮಾತು ನಂಬಿ ಹೇಳಬಹುದೇ?

ಭೌತಶಾಸ್ತ್ರದವರ ಪೈಕಿ ನಾರ್ಮನ್ ಕ್ಯಾಂಪ್‌ಬೆಲ್ ಎಂಬವರ ವಾದ ಸರಳವಾಗಿತ್ತು. ಎರಡು ಹಗ್ಗಗಳನ್ನು ತುದಿಗೆ ತುದಿ ಸೇರಿಸಿದರೆ ಉದ್ದ ಕೂಡುತ್ತದೆ. ಎರಡು ಕಲ್ಲುಗಳನ್ನು ಒಂದೇ ತಟ್ಟೆಗೆ ಹಾಕಿದರೆ ತೂಕ ಕೂಡುತ್ತದೆ. ಹೀಗೆ ಕೂಡಿಸಲು ಬರುವುದಷ್ಟೇ ಬುನಾದಿಯ ಅಳತೆ. ಕಿವಿಗೆ ಕೇಳಿದ ಜೋರನ್ನು ಹೇಗೆ ತುದಿಗೆ ತುದಿ ಸೇರಿಸುತ್ತೀರಿ? ಮನಃಶಾಸ್ತ್ರದವರು ಇದನ್ನು ಒಪ್ಪಲಿಲ್ಲ. 1940ರಲ್ಲಿ ಕೊನೆಯ ವರದಿ ಬಂದಾಗಲೂ ಎರಡೂ ಕಡೆಯವರು ತಮ್ಮ ತಮ್ಮ ಜಾಗದಲ್ಲೇ ನಿಂತಿದ್ದರು.

ಸಮಿತಿ ಮುಂದಿಟ್ಟುಕೊಂಡು ಚರ್ಚಿಸಿದ್ದು ಶಬ್ದದ ಜೋರನ್ನು ಅಳೆಯುವ ‘ಸೋನ್’ ಎಂಬ ಅಳತೆಯನ್ನು. ಅದನ್ನು ಮಾಡಿದವರಲ್ಲಿ ಮುಖ್ಯರು ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಎಸ್.ಎಸ್. ಸ್ಟೀವನ್ಸ್. ತಮ್ಮ ಅಳತೆಯ ಮೇಲೆಯೇ ಇಷ್ಟು ಜಗಳ ನಡೆದ ಮೇಲೆ ಅವರು ಸುಮ್ಮನಿರಲಿಲ್ಲ. 1946ರ ಜೂನ್‌ನಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ನಾಲ್ಕೇ ಪುಟದ ಲೇಖನ ಬರೆದರು. ಇಂದಿಗೂ ಕಾಲೇಜಿನ ಸಂಖ್ಯಾಶಾಸ್ತ್ರದ ಮೊದಲ ಪಾಠಗಳಲ್ಲಿ ಆ ನಾಲ್ಕು ಪುಟಗಳ ಸಾರವೇ ಇರುತ್ತದೆ.

ಸ್ಟೀವನ್ಸ್ ಹೇಳಿದ್ದು ಇಷ್ಟು: ಒಂದು ನಿಯಮ ಇಟ್ಟುಕೊಂಡು ವಸ್ತುಗಳಿಗೆ ಅಂಕಿ ಕೊಟ್ಟರೆ ಅದು ಅಳತೆಯೇ. ಆದರೆ ಅಳತೆಯಲ್ಲಿ ನಾಲ್ಕು ಬಗೆ ಇದೆ. ಯಾವ ಬಗೆ ಎಂದು ನೋಡಿಕೊಂಡೇ ಮುಂದಿನ ಲೆಕ್ಕ ಮಾಡಬೇಕು. ಬಗೆ ಗುರುತಿಸಲು ಒಂದು ಪರೀಕ್ಷೆಯನ್ನೂ ಕೊಟ್ಟರು. ಅಂಕಿಗಳನ್ನು ಬದಲಾಯಿಸಿ ನೋಡಿ. ಯಾವ ಬದಲಾವಣೆ ಮಾಡಿದರೂ ನಿಮ್ಮ ಅಳತೆಯ ಅರ್ಥ ಕೆಡುವುದಿಲ್ಲವೋ, ಅಂಥ ಬದಲಾವಣೆಗೆ ನಿಮ್ಮ ತೀರ್ಮಾನವೂ ಬಗ್ಗಬಾರದು.

ಮೊದಲನೆಯದು ಹೆಸರಿನ ಅಳತೆ, ಅಂದರೆ ನಾಮಿನಲ್. ಆಟಗಾರರ ಬೆನ್ನ ಮೇಲಿನ ನಂಬರ್ ಇದಕ್ಕೆ ಸ್ಟೀವನ್ಸರೇ ಕೊಟ್ಟ ಉದಾಹರಣೆ. ನಮ್ಮ ಪಿನ್ ಕೋಡ್ ಕೂಡ ಹೀಗೆಯೇ. ಇಲ್ಲಿ ಅಂಕಿ ಬರೀ ಹೆಸರಿನ ಬದಲಿಗೆ ನಿಂತಿದೆ. ಯಾವ ಬೆಳೆಯನ್ನು ಎಷ್ಟು ಮನೆಯವರು ಹಾಕಿದ್ದಾರೆ ಎಂದು ಎಣಿಸಬಹುದು, ಎಲ್ಲಕ್ಕಿಂತ ಹೆಚ್ಚು ಸಲ ಬಂದದ್ದು ಯಾವುದು ಎಂದು ಹೇಳಬಹುದು, ಕಂಬದ ನಕ್ಷೆ ಬರೆಯಬಹುದು. ಆ ಕಂಬಗಳನ್ನು ಯಾವ ಕ್ರಮದಲ್ಲಿ ನಿಲ್ಲಿಸಿದರೂ ನಡೆಯುತ್ತದೆ. ಆದರೆ ರಾಗಿ, ಜೋಳ, ತೊಗರಿಯ ತುದಿಗಳನ್ನು ಸೇರಿಸಿ ಗೆರೆ ಎಳೆದರೆ, ಏರಿಳಿತವೇ ಇಲ್ಲದ ಕಡೆ ಏರಿಳಿತ ತೋರಿಸಿದಂತಾಗುತ್ತದೆ. ಬೆಳೆಗಳ ಕ್ರಮ ಬದಲಿಸಿದರೆ ಆ ಗೆರೆಯೂ ಬದಲಾಗುತ್ತದೆ.

ಎರಡನೆಯದು ಸರದಿಯ ಅಳತೆ, ಅಂದರೆ ಆರ್ಡಿನಲ್. ಇದಕ್ಕೆ ಹಳೆಯ ಉದಾಹರಣೆ ಜರ್ಮನಿಯ ಫ್ರೀಡ್ರಿಕ್ ಮೋಸ್ 1812ರಲ್ಲಿ ಮಾಡಿದ ಖನಿಜಗಳ ಗಡಸುತನದ ಪಟ್ಟಿ. ಯಾವುದು ಯಾವುದನ್ನು ಗೀರುತ್ತದೆ ಎಂದು ನೋಡಿ ಸಾಲಾಗಿ ಜೋಡಿಸಿದ ಪಟ್ಟಿ ಅದು. ಬಳಪದ ಕಲ್ಲಿನಲ್ಲಿ ಸಿಗುವ ಟಾಲ್ಕ್ 1, ಬೆಣಚುಕಲ್ಲು 7, ಕೊನೆಗೆ ವಜ್ರ 10. ಯಾವುದು ಯಾವುದಕ್ಕಿಂತ ಗಟ್ಟಿ ಎಂಬುದು ಇದರಿಂದ ತಿಳಿಯುತ್ತದೆ, ಎಷ್ಟು ಗಟ್ಟಿ ಎಂಬುದು ತಿಳಿಯುವುದಿಲ್ಲ. ಪಟ್ಟಿಯಲ್ಲಿ 8ರಿಂದ 9ಕ್ಕೂ ಒಂದೇ ಹೆಜ್ಜೆ, 9ರಿಂದ 10ಕ್ಕೂ ಒಂದೇ ಹೆಜ್ಜೆ. ಆದರೆ ಯಂತ್ರದಿಂದ ಅಳೆದರೆ ಕೊನೆಯ ಹೆಜ್ಜೆ ಅದರ ಹಿಂದಿನದಕ್ಕಿಂತ ಬಹಳ ದೊಡ್ಡದು.

ನಮ್ಮ ನೀರಿನ ಲೆಕ್ಕ ಈ ಬಗೆಯದು. ಸುಲಭವಾಗಲೆಂದು ಕೇರಿಗೆ ಐದೈದು ಮನೆ ಮಾತ್ರ ಇಟ್ಟುಕೊಂಡು ನೋಡೋಣ. ಮೂಡಲ ಕೇರಿಯ ಉತ್ತರಗಳು 4, 4, 4, 3, 3. ಪಡುವಣ ಕೇರಿಯವು 5, 5, 3, 2, 2. ಸರಾಸರಿ ತೆಗೆದರೆ ಮೂಡಲಕ್ಕೆ 3.6, ಪಡುವಣಕ್ಕೆ 3.4. ಹಾಗಾದರೆ ಪಡುವಣ ಕೇರಿಯ ಸ್ಥಿತಿಯೇ ಕೆಟ್ಟದ್ದು, ಪೈಪು ರಿಪೇರಿ ಅಲ್ಲೇ ಮೊದಲಾಗಬೇಕು.

ಈಗ ಸ್ಟೀವನ್ಸರ ಪರೀಕ್ಷೆ. ‘ತುಂಬಾ ಚೆನ್ನಾಗಿದೆ’ ಎಂಬುದಕ್ಕೆ ನಾವು 5 ಕೊಟ್ಟಿದ್ದು ನಮ್ಮ ಇಷ್ಟಕ್ಕೆ. 8 ಕೊಟ್ಟಿದ್ದರೂ ಸರದಿ ಕೆಡುತ್ತಿರಲಿಲ್ಲ, ಅದೇ ಮೇಲಿರುತ್ತಿತ್ತು. ಹಾಗೆ ಕೊಟ್ಟರೆ ಪಡುವಣ ಕೇರಿ 8, 8, 3, 2, 2 ಆಗಿ ಸರಾಸರಿ 4.6ಕ್ಕೆ ಏರುತ್ತದೆ. ಮೂಡಲ ಕೇರಿ 3.6ರಲ್ಲೇ ಉಳಿಯುತ್ತದೆ. ಯಾವ ಮನೆಯವರೂ ಮಾತು ಬದಲಿಸಿಲ್ಲ, ನಲ್ಲಿಯ ನೀರೂ ಬದಲಾಗಿಲ್ಲ. ಆದರೂ ರಿಪೇರಿಯ ಸರದಿ ತಿರುವುಮುರುವಾಯಿತು! ನಮ್ಮ ಪೆನ್ನಿನ ಚಪಲಕ್ಕೆ ಒಂದು ಕೇರಿ ಬಿಂದಿಗೆ ಹಿಡಿದು ಕಾಯಬೇಕಾಗಿತ್ತು.

ಇಲ್ಲಿ ನಿಲ್ಲುವುದು ಮಧ್ಯಾಂಕ. ಉತ್ತರಗಳನ್ನು ಸಾಲಾಗಿ ಜೋಡಿಸಿ ನಟ್ಟನಡುವಿನದನ್ನು ತೆಗೆದುಕೊಂಡರೆ ಅದೇ ಮಧ್ಯಾಂಕ. ಮೂಡಲ ಕೇರಿಯದು 4, ಅಂದರೆ ‘ಚೆನ್ನಾಗಿದೆ’. ಪಡುವಣ ಕೇರಿಯದು 3, ಅಂದರೆ ‘ಪರವಾಗಿಲ್ಲ’. 5ರ ಬದಲು 8 ಬರೆದರೂ, 80 ಬರೆದರೂ ಇದು ಅಲುಗುವುದಿಲ್ಲ. ಅದಕ್ಕಿಂತಲೂ ಒಳ್ಳೆಯದು, ಐದೂ ಉತ್ತರಗಳಿಗೆ ಸರದಿಯಂತೆ ಐದು ಕಂಬ ನಿಲ್ಲಿಸುವುದು. ಆಗ ಪಡುವಣ ಕೇರಿಯ ಎರಡು ತುದಿಗಳೂ ಕಾಣುತ್ತವೆ. ಎರಡು ಮನೆಗೆ ತುಂಬಾ ಒಳ್ಳೆಯ ನೀರು, ಎರಡು ಮನೆಗೆ ಕೆಟ್ಟ ನೀರು. ಒಂದೇ ಕೇರಿಯಲ್ಲಿ ಹೀಗೇಕೆ ಎಂದು ವರದಿಗಾರ ಕೇಳಬೇಕಾದ ಪ್ರಶ್ನೆ ಆ ಚಿತ್ರದಲ್ಲೇ ಇದೆ. ಸರಾಸರಿ ಅದನ್ನು ಮುಚ್ಚಿ ಹಾಕಿತ್ತು.

ಮೂರನೆಯದು ಅಂತರದ ಅಳತೆ, ಅಂದರೆ ಇಂಟರ್‌ವಲ್. ಬಿಸಿಲಿನ ಡಿಗ್ರಿ ಇದಕ್ಕೆ ಸೇರುತ್ತದೆ. 20ರಿಂದ 30 ಡಿಗ್ರಿಗೆ ಎಷ್ಟು ಏರಿಕೆಯೋ 30ರಿಂದ 40ಕ್ಕೂ ಅಷ್ಟೇ. ಆದ್ದರಿಂದ ಸರಾಸರಿ ತೆಗೆಯಬಹುದು. ಆದರೆ ಇಲ್ಲಿ ಸೊನ್ನೆ ಎಂದರೆ ‘ಏನೂ ಇಲ್ಲ’ ಎಂದಲ್ಲ. ಸ್ವೀಡನ್ನಿನ ಆಂಡರ್ಸ್ ಸೆಲ್ಸಿಯಸ್ 1742ರಲ್ಲಿ ಈ ಅಳತೆ ಮಾಡಿದಾಗ ನೀರು ಕುದಿಯುವುದಕ್ಕೆ 0, ಮಂಜುಗಟ್ಟುವುದಕ್ಕೆ 100 ಎಂದು ಇಟ್ಟಿದ್ದರು. ಆಮೇಲೆ ಅದನ್ನು ತಿರುಗಿಸಿದರು. ತಿರುಗಿಸಬಹುದಾದ ಸೊನ್ನೆ ಎಂದರೆ ಮನುಷ್ಯ ಇಟ್ಟ ಸೊನ್ನೆ ಎಂದೇ ಅರ್ಥ.

ಹಾಗಾಗಿ ಬೆಳಗ್ಗೆ 20 ಡಿಗ್ರಿ, ಮಧ್ಯಾಹ್ನ 40 ಡಿಗ್ರಿ ಇದ್ದರೆ ‘ಸೆಖೆ ಎರಡರಷ್ಟಾಯಿತು’ ಎಂದು ಬರೆಯುವಂತಿಲ್ಲ. ಅದೇ ಬಿಸಿಲನ್ನು ಫ್ಯಾರನ್‌ಹೀಟ್‌ನಲ್ಲಿ ಅಳೆದರೆ 68 ಮತ್ತು 104, ಅದು ಒಂದೂವರೆ ಪಟ್ಟಿನಷ್ಟು. ‘ಎರಡರಷ್ಟು’ ಎಲ್ಲಿ ಹೋಯಿತು? ಸರಾಸರಿ ಮಾತ್ರ ಉಳಿಯಿತು: 20 ಮತ್ತು 40ರ ನಡುವೆ 30, 68 ಮತ್ತು 104ರ ನಡುವೆ 86, ಎರಡೂ ಒಂದೇ ಬಿಸಿ. ನಕ್ಷೆಗೂ ಇದೇ ಮಾತು. ಸೊನ್ನೆಯಿಂದ ಕಂಬ ಎಬ್ಬಿಸಿದರೆ 40ರ ಕಂಬ 20ರ ಕಂಬಕ್ಕೆ ಎರಡಾಳೆತ್ತರ ಕಂಡು ಕಣ್ಣಿಗೆ ಸುಳ್ಳು ಹೇಳುತ್ತದೆ. ದಿನದಿಂದ ದಿನಕ್ಕೆ ಚುಕ್ಕಿಯಿಟ್ಟು ಗೆರೆ ಎಳೆಯುವುದೇ ಸರಿ.

ನಾಲ್ಕನೆಯದು ಅನುಪಾತದ ಅಳತೆ, ಅಂದರೆ ರೇಷಿಯೊ. ತೂಕ, ಉದ್ದ, ಜಮೀನು, ಮಳೆಯ ಮಿಲಿಮೀಟರ್ ಎಲ್ಲ ಇದಕ್ಕೆ ಸೇರುತ್ತವೆ. ಸೊನ್ನೆ ಮಿಲಿಮೀಟರ್ ಎಂದರೆ ಮಳೆ ಬಂದಿಲ್ಲವೆಂದೇ ಅರ್ಥ. ಎರಡು ಎಕರೆ ಒಂದು ಎಕರೆಯ ಎರಡರಷ್ಟು; ಗುಂಟೆಯಲ್ಲಿ ಹೇಳಿದರೆ 80 ಮತ್ತು 40, ಆಗಲೂ ಎರಡರಷ್ಟೇ. ‘ಇಷ್ಟು ಪಟ್ಟು’, ‘ಶೇಕಡಾ ಇಷ್ಟು ಹೆಚ್ಚು’ ಎಂಬ ಮಾತು ಇಲ್ಲಿ ಧಾರಾಳವಾಗಿ ನಡೆಯುತ್ತದೆ. ಕಂಬದ ನಕ್ಷೆಯೂ ನಡೆಯುತ್ತದೆ, ಆದರೆ ಕಂಬ ಸೊನ್ನೆಯಿಂದಲೇ ಏಳಬೇಕು. ಬುಡ ಕತ್ತರಿಸಿದರೆ ಎರಡರಷ್ಟಿದ್ದದ್ದು ಹತ್ತರಷ್ಟಾಗಿ ಕಾಣುತ್ತದೆ.

ಸ್ಟೀವನ್ಸರ ಮಾತನ್ನು ಎಲ್ಲರೂ ಬಾಯಿಮುಚ್ಚಿ ಒಪ್ಪಲಿಲ್ಲ. 1953ರಲ್ಲಿ ಫ್ರೆಡ್ರಿಕ್ ಲಾರ್ಡ್ ಎಂಬ ಸಂಖ್ಯಾಶಾಸ್ತ್ರಜ್ಞ ಒಂದು ತಮಾಷೆಯ ಕಥೆ ಬರೆದರು. ಒಬ್ಬ ಪ್ರೊಫೆಸರ್ ಕಾಲೇಜಿನ ಫುಟ್‌ಬಾಲ್ ತಂಡಗಳಿಗೆ ಯಂತ್ರದಿಂದ ಬೆನ್ನ ನಂಬರ್ ಮಾರುತ್ತಿರುತ್ತಾರೆ. ನಮಗೆ ಬರೀ ಸಣ್ಣ ನಂಬರ್ ಬಂದಿದೆ, ಯಾರೋ ಯಂತ್ರಕ್ಕೆ ಕೈ ಹಾಕಿದ್ದಾರೆ ಎಂದು ಮೊದಲ ವರ್ಷದ ಹುಡುಗರು ದೂರು ಕೊಡುತ್ತಾರೆ. ಲೆಕ್ಕಿಗನೊಬ್ಬ ಆ ನಂಬರ್‌ಗಳ ಸರಾಸರಿ ತೆಗೆದು, ಆಕಸ್ಮಿಕವಾಗಿ ಇಷ್ಟು ಕಡಿಮೆ ಬರುವುದು ತೀರಾ ಅಪರೂಪ ಎಂದು ತೋರಿಸುತ್ತಾನೆ. ಹೆಸರಿನ ಅಂಕಿಗೆ ಸರಾಸರಿಯೇ ಎಂದು ಪ್ರೊಫೆಸರ್ ಗಾಬರಿಯಾಗುತ್ತಾರೆ.

ಆದರೆ ಲೆಕ್ಕಿಗ ತಪ್ಪು ಮಾಡಿರಲಿಲ್ಲ. ಅವನ ಪ್ರಶ್ನೆ ಆಟಗಾರರ ಬಗ್ಗೆ ಇರಲಿಲ್ಲ, ಯಂತ್ರದ ಬಗ್ಗೆ ಇತ್ತು. ಹಾಗಾಗಿ ಅಂಕಿ ಯಾವ ಬಗೆಯದು ಎಂಬುದರ ಜೊತೆಗೆ, ಅದನ್ನು ಹಿಡಿದು ಯಾವುದರ ಬಗ್ಗೆ ಮಾತಾಡುತ್ತಿದ್ದೇವೆ ಎಂಬುದೂ ಮುಖ್ಯ. ಸ್ಟೀವನ್ಸ್ ಕೂಡ ಅಷ್ಟು ಗಡುಸಾಗಿರಲಿಲ್ಲ. ಸರದಿಯ ಅಂಕಿಗೆ ಸರಾಸರಿ ತೆಗೆಯುವುದು ನಿಯಮಕ್ಕೆ ಒಗ್ಗದಿದ್ದರೂ ಎಷ್ಟೋ ಸಲ ಅದರಿಂದ ಉಪಯೋಗವಾಗಿದೆ ಎಂದು ಅದೇ ಲೇಖನದಲ್ಲಿ ಒಪ್ಪಿಕೊಂಡಿದ್ದರು.

ಆದರೆ ನಮ್ಮ ಪ್ರಶ್ನೆ ನೀರಿನ ಬಗ್ಗೆಯೇ ಇತ್ತು, ಮತ್ತು ಒಂದು ಅಂಕಿ ಬದಲಿಸಿದ್ದಕ್ಕೆ ಉತ್ತರ ಮಗುಚಿ ಬಿದ್ದಿತ್ತು. ಹಾಗಾಗಿ ಸರಾಸರಿಯನ್ನು ವರದಿಯಿಂದ ತೆಗೆದೆವು. ಯಾವ ಕೇರಿಯಲ್ಲಿ ಎಷ್ಟು ಮನೆಯವರು ‘ಕೆಟ್ಟದು’ ಎಂದರು ಎಂದು ನೇರವಾಗಿ ಬರೆದೆವು. ದಿನಕ್ಕೆ ಎಷ್ಟು ಕೊಡ ಬರುತ್ತದೆ ಎಂದು ಮತ್ತೆ ಹೋಗಿ ಕೇಳಿದೆವು, ಏಕೆಂದರೆ ಕೊಡದ ಲೆಕ್ಕಕ್ಕೆ ನಿಜವಾದ ಸೊನ್ನೆ ಇದೆ. ಅಜ್ಜ ಮೊದಲ ದಿನವೇ ಕೇಳಿದ್ದು ಅದನ್ನೇ.