ಹಿನ್ನೆಲೆಯನ್ನು ಕಪ್ಪಾಗಿಸುವ ಕ್ರಮ ಮತ್ತು ಛಾಯಾಚಿತ್ರದ ಸಾಕ್ಷ್ಯ

ಛಾಯಾಚಿತ್ರವನ್ನು ಚರಿತ್ರೆಯ ಆಧಾರವಾಗಿ ಬಳಸುವವರು ಅದು ಎಂದು ತೆಗೆದದ್ದು ಎಂದು ಕೇಳುತ್ತಾರೆ. ಅದರ ಪ್ರಿಂಟ್ ಎಂದು ಮಾಡಿದ್ದು ಎಂದು ಕೇಳುವವರು ವಿರಳ. ಈ ಎರಡನೆಯ ಪ್ರಶ್ನೆ ಏಕೆ ಅಗತ್ಯವೆಂಬುದನ್ನು ಅಮೆರಿಕದ ಛಾಯಾಗ್ರಾಹಕ ಆನ್ಸೆಲ್ ಆಡಮ್ಸ್‌ನ ‘ಮೂನ್‌ರೈಸ್, ಹರ್ನಾಂಡೆಜ್, ನ್ಯೂ ಮೆಕ್ಸಿಕೊ’ ಎಂಬ ಚಿತ್ರದ ಮೂಲಕ ಪರಿಶೀಲಿಸಬಹುದು.

ಚಿತ್ರದ ಕೆಳಭಾಗದಲ್ಲಿ ಒಂದು ಸಣ್ಣ ಹಳ್ಳಿ, ಅದರ ಇಗರ್ಜಿ, ಇಳಿಬಿಸಿಲಿನಲ್ಲಿ ಹೊಳೆಯುವ ಸ್ಮಶಾನದ ಶಿಲುಬೆಗಳು. ಅವುಗಳ ಹಿಂದೆ ಹಿಮದ ಬೆಟ್ಟಗಳು, ಮೋಡದ ಒಂದು ಬಿಳಿ ಪಟ್ಟಿ. ಮೇಲೆ ವಿಶಾಲವಾದ ಆಕಾಶದಲ್ಲಿ ಏರುತ್ತಿರುವ ಚಂದ್ರ. ಆಡಮ್ಸ್‌ನ ಆರಂಭದ ಪ್ರಿಂಟ್‌ಗಳಲ್ಲಿ ಆಕಾಶವು ಬೂದುಬಣ್ಣದ್ದಾಗಿದ್ದು, ಅದರ ಮೇಲ್ಭಾಗದಲ್ಲಿ ತೆಳುಮೋಡದ ಗೆರೆಗಳು ಕಾಣುತ್ತವೆ. ಅವು ಕಣ್ಣನ್ನು ಚಂದ್ರನಿಂದ ಬೇರೆಡೆಗೆ ಎಳೆಯುತ್ತವೆ. ಮುಂದಿನ ದಶಕಗಳ ಪ್ರಿಂಟ್‌ಗಳಲ್ಲಿ ಆ ಗೆರೆಗಳು ಕ್ರಮೇಣ ಅಡಗಿ, ಆಕಾಶವು ಬಹುಮಟ್ಟಿಗೆ ಕಪ್ಪಾಗುತ್ತದೆ. ನೆಗೆಟಿವ್ ಒಂದೇ, ಭೇದವೆಲ್ಲ ಮುದ್ರಣದ್ದು.

ಇದನ್ನು ಸಾಧಿಸುವ ಕ್ರಮ ಸರಳವಾದುದು. ಎನ್‌ಲಾರ್ಜರಿನ ಬೆಳಕು ಕಾಗದದ ಮೇಲೆ ಹೆಚ್ಚು ಹೊತ್ತು ಬಿದ್ದ ಭಾಗ ಹೆಚ್ಚು ಕಪ್ಪಾಗುತ್ತದೆ. ಒಂದು ಭಾಗಕ್ಕೆ ಬೆಳಕು ತಾಗದಂತೆ ಸ್ವಲ್ಪಕಾಲ ಮರೆಮಾಡಿ ಅದನ್ನು ತಿಳಿಯಾಗಿಸುವುದು ‘ಡಾಡ್ಜಿಂಗ್’. ಉಳಿದುದನ್ನು ರಟ್ಟಿನಿಂದ ಮುಚ್ಚಿ, ಬೇಕಾದ ಭಾಗಕ್ಕೆ ಮಾತ್ರ ಹೆಚ್ಚು ಬೆಳಕು ಕೊಡುವುದು ‘ಬರ್ನಿಂಗ್’. ಇಡೀ ಕಾಗದಕ್ಕೆ 10 ಸೆಕೆಂಡು ಬೆಳಕು ಕೊಟ್ಟಿದ್ದರೆ, ಆಕಾಶಕ್ಕೆ ಇನ್ನೂ 10 ಸೆಕೆಂಡು ಕೊಟ್ಟಾಗ ಅದಕ್ಕೆ ಸಂದ ಬೆಳಕು ಇಮ್ಮಡಿಯಾಗುತ್ತದೆ. ಕೆಲಸದುದ್ದಕ್ಕೂ ರಟ್ಟು ಅಲುಗುತ್ತಿರಬೇಕು. ಅದು ಒಂದೇ ಕಡೆ ನಿಂತರೆ ಬೆಟ್ಟದ ಅಂಚಿನುದ್ದಕ್ಕೂ ಬೆಳ್ಳನೆಯ ಪ್ರಭೆಯೋ ಕಪ್ಪು ಗೆರೆಯೋ ಉಳಿದು, ಕೈವಾಡವನ್ನು ಬಯಲಿಗೆಳೆಯುತ್ತದೆ. ಆಡಮ್ಸ್ ಬೆಟ್ಟದ ಸಾಲಿನಿಂದ ಚಂದ್ರನವರೆಗೆ ಒಂದಿಷ್ಟು, ಅಲ್ಲಿಂದ ಮೇಲಕ್ಕೆ ಇನ್ನೂ ಹೆಚ್ಚು ಬೆಳಕು ಕೊಟ್ಟು ಆಕಾಶವನ್ನು ಹಂತಹಂತವಾಗಿ ಕಪ್ಪಾಗಿಸಿದನು. ಚಂದ್ರನ ಮೇಲೆಯೇ ಅತಿಯಾಗಿ ಬೆಳಕು ಹರಿದರೆ ಚಂದ್ರನೂ ಮಂಕಾಗುವನಲ್ಲವೆ? ಇದಲ್ಲದೆ, ನೆಗೆಟಿವ್‌ನಲ್ಲಿ ಹಳ್ಳಿಯ ಭಾಗವು ತೆಳುವಾಗಿದ್ದುದರಿಂದ, 1948ರಲ್ಲಿ ಅವನು ಆ ಭಾಗವನ್ನು ರಾಸಾಯನಿಕವಾಗಿ ಗಾಢಗೊಳಿಸಿದನು.

ಈಗ ಸಾಕ್ಷ್ಯದ ಮಾತಿಗೆ ಬರೋಣ. ಆಡಮ್ಸ್ ಈ ಚಿತ್ರಕ್ಕೆ ಬೇರೆ ಬೇರೆ ಸಂದರ್ಭಗಳಲ್ಲಿ ಬೇರೆ ಬೇರೆ ವರ್ಷಗಳನ್ನು ಕೊಟ್ಟಿದ್ದನು. ಡೆನ್ನಿಸ್ ಡಿ ಚಿಕೊ ಎಂಬ ಖಗೋಳಾಸಕ್ತನು ಚಂದ್ರನ ಸ್ಥಾನವನ್ನೂ ಕ್ಯಾಮೆರಾ ನಿಂತಿದ್ದ ಸ್ಥಳವನ್ನೂ ಲೆಕ್ಕಹಾಕಿ, ಚಿತ್ರವನ್ನು ತೆಗೆದದ್ದು 1941ರ ನವೆಂಬರ್ 1ರ ಸಂಜೆ 4 ಗಂಟೆ 49 ನಿಮಿಷಕ್ಕೆ ಎಂದು 1991ರಲ್ಲಿ ನಿರ್ಣಯಿಸಿದನು. ಆಕಾಶವನ್ನು ಎಷ್ಟೇ ಕಪ್ಪಾಗಿಸಿದರೂ ಚಂದ್ರನ ಸ್ಥಾನ ಕದಲುವುದಿಲ್ಲವಾದುದರಿಂದ ಈ ಲೆಕ್ಕವನ್ನು ಯಾವ ಪ್ರಿಂಟೂ ಕೆಡಿಸಲಾರದು. ಆದರೆ ಅಂದಿನ ಹವೆ ಹೇಗಿತ್ತೆಂದು ತಿಳಿಯಬಯಸಿ ಕಡೆಗಾಲದ ಪ್ರಿಂಟನ್ನಷ್ಟೇ ನೋಡಿದವನು ಮೇಲಣ ಆಕಾಶ ನಿರ್ಮಲವಾಗಿತ್ತೆಂದು ಬರೆದು ತಪ್ಪುವನು. ಬರ್ನಿಂಗ್ ಆಕಾರ ಮತ್ತು ಸ್ಥಾನಗಳ ಸಾಕ್ಷ್ಯವನ್ನು ಉಳಿಸಿ, ಹಿನ್ನೆಲೆಯ ವಿವರದ ಸಾಕ್ಷ್ಯವನ್ನು ನುಂಗುತ್ತದೆ.

ಬಣ್ಣದ ಚಿತ್ರವನ್ನು ಕಂಪ್ಯೂಟರಿನಲ್ಲಿ ತಿದ್ದುವಾಗ ಇದಕ್ಕೆ ಇನ್ನೊಂದು ತೊಡಕು ಸೇರುತ್ತದೆ. ಹಿನ್ನೆಲೆಯ ಒಂದು ಇಟ್ಟಿಗೆಗೋಡೆಯ ಕೆಂಪು, ಹಸಿರು, ನೀಲಿ ಅಂಶಗಳು 200, 120, 80 ಆಗಿವೆಯೆನ್ನೋಣ. ಅತಿಹೆಚ್ಚಿನ ಮತ್ತು ಅತಿಕಡಮೆಯ ಅಂಶಗಳ ಅಂತರವನ್ನು ಅತಿಹೆಚ್ಚಿನದರಿಂದ ಭಾಗಿಸಿದರೆ ಬಣ್ಣದ ಗಾಢತೆ ದೊರೆಯುತ್ತದೆ. ಇಲ್ಲಿ ಅದು ಶೇ. 60. ಮೂರರಿಂದಲೂ 60ನ್ನು ಕಳೆದು ಕಪ್ಪಾಗಿಸಿದರೆ 140, 60, 20 ಉಳಿದು, ಗಾಢತೆ ಶೇ. 86ಕ್ಕೆ ಏರುತ್ತದೆ. ಅಂದರೆ ಮರೆಯಾಗಬೇಕಾದ ಗೋಡೆ ಕಡುಗೆಂಪಾಗಿ ಮತ್ತೆ ಕಣ್ಣು ಸೆಳೆಯುತ್ತದೆ. ಆದುದರಿಂದಲೇ ಕಪ್ಪಾಗಿಸಿದ ಬಳಿಕ ಬಣ್ಣವನ್ನೂ ತಗ್ಗಿಸುವುದು. ಮೂರು ಅಂಶಗಳನ್ನೂ ಅವುಗಳ ಸರಾಸರಿಯ ಕಡೆಗೆ ಅರ್ಧದಾರಿ ಸರಿಸಿದರೆ ಸುಮಾರು 107, 67, 47 ಆಗಿ, ಗಾಢತೆ ಶೇ. 56ಕ್ಕೆ ಇಳಿಯುತ್ತದೆ, ಗೋಡೆ ಹಿಂದೆ ಸರಿಯುತ್ತದೆ, ಆದರೆ ಗೋಡೆಯಾಗಿಯೇ ಉಳಿಯುತ್ತದೆ.

ಈ ಕಡೆಯ ಮಾತೇ ಮುಖ್ಯವಾದುದು. 2003ರಲ್ಲಿ ಅಮೆರಿಕದ ಉತ್ತರ ಕ್ಯಾರೊಲೈನದ ಪತ್ರಿಕಾ ಛಾಯಾಗ್ರಾಹಕರ ಸಂಘವು ತಾನು ಒಬ್ಬ ಛಾಯಾಗ್ರಾಹಕನಿಗೆ ಕೊಟ್ಟಿದ್ದ ಮೂರು ಬಹುಮಾನಗಳನ್ನು ಹಿಂತೆಗೆದುಕೊಂಡಿತು. ಹಿನ್ನೆಲೆಯನ್ನು ಅತಿಯಾಗಿ ಕಪ್ಪಾಗಿಸಿ ಚಿತ್ರದ ವಸ್ತುವನ್ನೇ ಬದಲಿಸಿದನೆಂಬುದು ಆಕ್ಷೇಪಣೆ. ಕಲಾವಿದನಾದ ಆಡಮ್ಸನಿಗೆ ಸಲ್ಲುವ ಸ್ವಾತಂತ್ರ್ಯವು ವರದಿಗಾರನಿಗೆ ಸಲ್ಲದು. ಹಿನ್ನೆಲೆಯಲ್ಲಿದ್ದುದನ್ನು ನೋಡುಗನು ಇನ್ನೂ ಗುರುತಿಸಬಲ್ಲನಾದರೆ ಅದು ಒತ್ತು. ಗುರುತಿಸಲಾರನಾದರೆ ಅದು ಅಳಿಸುವಿಕೆ. ಚರಿತ್ರೆಯ ವಿದ್ಯಾರ್ಥಿಯು ಛಾಯಾಚಿತ್ರವನ್ನು ಉಲ್ಲೇಖಿಸುವಾಗ ನೆಗೆಟಿವ್‌ನ ತಾರೀಖಿನೊಡನೆ ಪ್ರಿಂಟಿನ ತಾರೀಖನ್ನೂ ಬರೆಯುವುದು, ಸಾಧ್ಯವಾದಲ್ಲಿ ಹಳೆಯ ಪ್ರಿಂಟೊಂದರೊಡನೆ ಹೋಲಿಸುವುದು, ಈ ಕಾರಣದಿಂದ ಅವಶ್ಯಕ.