ಹ್ಯಾರಿಸನ್ನನ ಗಡಿಯಾರದ ಎರಡು ಪರೀಕ್ಷೆಗಳು

ಭೂಮಿಯು ಗಂಟೆಗೆ 15 ಡಿಗ್ರಿಗಳಂತೆ ತಿರುಗುತ್ತಿರುವುದರಿಂದ, ನಡುಗಡಲಿನಲ್ಲಿರುವ ನಾವಿಕನು ಸೂರ್ಯನ ಔನ್ನತ್ಯವನ್ನಳೆದು ತಾನಿರುವೆಡೆಯ ವೇಳೆಯನ್ನು ಕಂಡುಕೊಂಡು, ಅದೇ ಕ್ಷಣದಲ್ಲಿ ತಾನು ಬಿಟ್ಟುಬಂದ ಬಂದರಿನಲ್ಲಿ ವೇಳೆಯೆಷ್ಟೆಂಬುದನ್ನೂ ಅರಿಯಬಲ್ಲನಾದರೆ, ನಾಲ್ಕು ನಿಮಿಷದ ಅಂತರಕ್ಕೆ ಒಂದು ಡಿಗ್ರಿಯಂತೆ ತನ್ನ ರೇಖಾಂಶವನ್ನು ಗಣಿಸಬಹುದು. ಈ ತತ್ತ್ವದಲ್ಲಿ ಯಾರಿಗೂ ಸಂದೇಹವಿರಲಿಲ್ಲ. ಬಂದರಿನ ವೇಳೆಯನ್ನು ತಿಂಗಳುಗಟ್ಟಲೆ ಕಾಯ್ದಿಡುವ ಯಂತ್ರವಿರಲಿಲ್ಲ, ಅಷ್ಟೆ. ಲೋಲಕವು ಹಡಗಿನ ಓಲಾಟವನ್ನು ತಾಳದು. ಸುರುಳಿಯ ಕಮಾನು ಸೆಕೆಗೆ ಬಲಗುಂದಿ ಗಡಿಯಾರವನ್ನು ನಿಧಾನಗೊಳಿಸುವುದು. 1714ರಲ್ಲಿ ಬ್ರಿಟಿಷ್ ಪಾರ್ಲಿಮೆಂಟು ವೆಸ್ಟ್ ಇಂಡೀಸಿನವರೆಗಿನ ಯಾನದಲ್ಲಿ ಅರ್ಧ ಡಿಗ್ರಿಗಿಂತ, ಎಂದರೆ ಎರಡು ನಿಮಿಷಕ್ಕಿಂತ, ಹೆಚ್ಚು ತಪ್ಪದ ವಿಧಾನಕ್ಕೆ 20,000 ಪೌಂಡುಗಳ ಬಹುಮಾನವನ್ನು ಸಾರಿತು.

ಬಡಗಿಯ ಮಗನಾದ ಜಾನ್ ಹ್ಯಾರಿಸನ್ನನು 1759ರಲ್ಲಿ ಪೂರೈಸಿದ ನಾಲ್ಕನೆಯ ಯಂತ್ರವು ಸುಮಾರು 13 ಸೆಂಟಿಮೀಟರ್ ವ್ಯಾಸದ ದೊಡ್ಡದೊಂದು ಜೇಬುಗಡಿಯಾರದಂತಿತ್ತು. ಹಿತ್ತಾಳೆ ಉಕ್ಕುಗಳ ಪಟ್ಟಿಗಳನ್ನು ಜೋಡಿಸಿದ ಸಣ್ಣದೊಂದು ತಗಡು, ಆ ಲೋಹಗಳು ಬೇರೆ ಬೇರೆ ಪ್ರಮಾಣದಲ್ಲಿ ಹಿಗ್ಗುವ ಕಾರಣದಿಂದ ಸೆಕೆಯಲ್ಲಿ ಬಾಗಿ, ಸುರುಳಿಯಲ್ಲಿ ಚಲಿಸುವ ಭಾಗವನ್ನು ಮೊಟಕುಗೊಳಿಸಿ, ಅದರ ಬಲಹೀನತೆಯನ್ನು ಸರಿದೂಗಿಸುತ್ತಿತ್ತು.

1761ರ ನವೆಂಬರಿನಲ್ಲಿ ಆತನ ಮಗ ವಿಲಿಯಂ ಈ ಗಡಿಯಾರದೊಡನೆ ಜಮೈಕಾಕ್ಕೆ ಹೊರಟನು. ಪೋರ್ಟ್ಸ್‌ಮತ್ತಿನಲ್ಲಿ ವೇಳೆಗೆ ಹೊಂದಿಸಿದಂದಿನಿಂದ 81 ದಿನಗಳ ತರುವಾಯ ಜಮೈಕಾದಲ್ಲಿ ಪರೀಕ್ಷಿಸಲಾಗಿ, ತಪ್ಪು ಕೇವಲ ಐದು ಸೆಕೆಂಡು ಎಂಬ ಲೆಕ್ಕ ಬಂದಿತು. ಆದರೆ ಈ ಲೆಕ್ಕದ ಒಡಲನ್ನು ನೋಡಬೇಕು. ಗಡಿಯಾರವು ದಿನಕ್ಕೆ ಎರಡೂ ಮುಕ್ಕಾಲು ಸೆಕೆಂಡಿನ ಆಸುಪಾಸಿನಲ್ಲಿ ಹಿಂದೆ ಬೀಳುವುದೆಂದು ಭಾವಿಸಿ, ಒಟ್ಟು ಮೂರೂವರೆ ನಿಮಿಷಕ್ಕೂ ಮೀರಿದ ಮೊತ್ತವನ್ನು ಕೂಡಿಸಿದ ಮೇಲೆ ಉಳಿದ ತಪ್ಪು ಅದು. ಕೂಡಿಸದಿದ್ದರೆ ತಪ್ಪು ಒಂದು ಡಿಗ್ರಿಯನ್ನು ಸಮೀಪಿಸುತ್ತಿತ್ತು. ಹೀಗೆ ಕೂಡಿಸುವುದು ನ್ಯಾಯವೇ. ಏಕೆಂದರೆ ಗಡಿಯಾರವು ಪ್ರತಿದಿನವೂ ಒಂದೇ ಪ್ರಮಾಣದಲ್ಲಿ ತಪ್ಪಿದರೆ ಗುಣಾಕಾರವೊಂದರಿಂದಲೇ ನಿಜವಾದ ವೇಳೆ ದೊರೆಯುವುದು. ಒಂದು ದಿನ ಮುಂದೋಡಿ ಮರುದಿನ ಹಿಂದುಳಿಯುವ ಗಡಿಯಾರಕ್ಕೆ ಮಾತ್ರ ಪರಿಹಾರವಿಲ್ಲ. ಆದರೂ ಆ ಪ್ರಮಾಣವನ್ನು ಯಾನಕ್ಕೆ ಮುಂಚೆ ಲಿಖಿತವಾಗಿ ಒಪ್ಪಿಸಿರಲಿಲ್ಲ. ಜಮೈಕಾದ ರೇಖಾಂಶವೂ ನಿಶ್ಚಿತವಾಗಿರಲಿಲ್ಲ. ಬಹುಮಾನವನ್ನು ನಿರ್ಣಯಿಸಬೇಕಿದ್ದ ರೇಖಾಂಶ ಮಂಡಲಿಯು ಇವನ್ನೇ ಆಕ್ಷೇಪಿಸಿತು. ಹ್ಯಾರಿಸನ್ನನ ಅಭಿಮಾನಿಗಳು ಆ ಮಂಡಲಿಯನ್ನು ಖಳರ ಕೂಟದಂತೆ ಚಿತ್ರಿಸುವುದುಂಟು. ಇದೊಂದು ವಿಷಯದಲ್ಲಿ ಮಂಡಲಿಯ ಆಕ್ಷೇಪಣೆ ಸಾಧುವಾದುದೆಂದೇ ನನ್ನ ಅಭಿಪ್ರಾಯ.

1764ರ ಬಾರ್ಬಡೋಸ್ ಯಾನದಲ್ಲಿ ಈ ಲೋಪಗಳಿಗೆ ಎಡೆಯಿರಲಿಲ್ಲ. ಗಡಿಯಾರವು ದಿನಕ್ಕೆ ಸರಾಸರಿ ಒಂದು ಸೆಕೆಂಡು ಮುಂದೋಡುವುದೆಂದು ವಿಲಿಯಂ ಮೊದಲೇ ಬರೆದುಕೊಟ್ಟನು. ದ್ವೀಪದ ರೇಖಾಂಶವನ್ನು ಖಗೋಳಜ್ಞ ಮ್ಯಾಸ್ಕೆಲೀನನು ಗುರುವಿನ ಉಪಗ್ರಹಗಳ ಗ್ರಹಣಗಳನ್ನು ವೀಕ್ಷಿಸಿ ನಿರ್ಧರಿಸಿದನು. ಕಂಡುಬಂದ ತಪ್ಪು 39 ಸೆಕೆಂಡು, ಎಂದರೆ ಸುಮಾರು ಹತ್ತು ನಾವಿಕ ಮೈಲಿ. ಹಿಂದಿನ ಐದು ಸೆಕೆಂಡಿಗಿಂತ ಇದು ದೊಡ್ಡದು. ಆದರೂ ನಂಬತಕ್ಕ ಅಂಕಿ ಇದೇ.

ಹಡಗನ್ನೇರಿದ ಮೇಲೆ ಗಡಿಯಾರದ ಗತಿ ಬದಲಾಗಿದೆಯೇ ಎಂಬುದನ್ನು ಒಂದೇ ಗಡಿಯಾರವು ತಾನಾಗಿ ತಿಳಿಸಲಾರದು. ಎರಡಿದ್ದರೆ ಭಿನ್ನತೆ ಕಾಣುವುದೇ ಹೊರತು ತಪ್ಪಿದುದು ಯಾವುದೆಂದು ತಿಳಿಯದು. ಆದುದರಿಂದ ಸಮರ್ಥರಾದ ಕಪ್ತಾನರು ಮೂರನ್ನಾದರೂ ಒಯ್ಯಬಯಸಿದರು. 1831ರಲ್ಲಿ ಹೊರಟ ಬೀಗಲ್ ಹಡಗಿನಲ್ಲಿ 22 ಇದ್ದವು. ಅಷ್ಟಿದ್ದೂ, ಬಂದರಿನಿಂದ ಬಂದರಿಗೆ ಅಳೆದ ವೇಳೆಯ ಅಂತರಗಳನ್ನು ಭೂಮಿಯ ಸುತ್ತಲೂ ಕೂಡಿಸಿದಾಗ ಮೊತ್ತವು 24 ಗಂಟೆಗಳನ್ನು ಸುಮಾರು 33 ಸೆಕೆಂಡು ಮೀರಿತು.