ತಿರುವು ಎಲ್ಲಿ ಶುರುವಾಗುತ್ತದೆ? ಕಾಗಿ ಮತ್ತು ತ್ರೀ ಲೈನ್ ಬ್ರೇಕ್ ಚಾರ್ಟ್‌ಗಳು

ಷೇರುಪೇಟೆಯ ಮಾಮೂಲಿ ಚಾರ್ಟ್‌ನಲ್ಲಿ ದಿನಕ್ಕೊಂದು ಕಡ್ಡಿ ಬೀಳಲೇಬೇಕು. ಬೆಲೆ ಅಲ್ಲಾಡಿದರೂ ಸರಿ, ಅಲ್ಲಾಡದಿದ್ದರೂ ಸರಿ. ಪುಟ ತುಂಬುವ ಈ ಗದ್ದಲ ಬೇಡವೆಂದವರು ಕಾಲದ ಲೆಕ್ಕವನ್ನೇ ಬಿಟ್ಟು, ಬೆಲೆ ಸಾಕಷ್ಟು ಸರಿದಾಗ ಮಾತ್ರ ಗೆರೆ ಎಳೆಯತೊಡಗಿದರು. ಆದರೆ 'ಸಾಕಷ್ಟು' ಎಂದರೆ ಎಷ್ಟು? ಈ ಬಗೆಯ ಚಾರ್ಟ್‌ಗಳ ಇತಿಹಾಸವೆಲ್ಲ ಈ ಒಂದು ಪ್ರಶ್ನೆಯ ಸುತ್ತಲೇ ಇದೆ.

ಕಾಗಿ ಚಾರ್ಟ್ 1870ರ ದಶಕದ ಜಪಾನಿನದು ಎನ್ನುತ್ತಾರೆ. ಟೋಕಿಯೊದಲ್ಲಿ ಷೇರುಪೇಟೆ ತೆರೆದದ್ದು 1878ರಲ್ಲಿ. ಅಮೆರಿಕದವರ ಬಳಿ ಇದೇ ಉದ್ದೇಶದ ಪಾಯಿಂಟ್ ಅಂಡ್ ಫಿಗರ್ ಪದ್ಧತಿ ಇತ್ತು. ಕಾಗಿ, ರೆಂಕೊ, ತ್ರೀ ಲೈನ್ ಬ್ರೇಕ್‌ಗಳನ್ನು ಇಂಗ್ಲಿಷ್ ಓದುಗರಿಗೆ ವಿವರವಾಗಿ ಪರಿಚಯಿಸಿದ್ದು ಸ್ಟೀವ್ ನಿಸನ್ ಅವರ 1994ರ 'ಬಿಯಾಂಡ್ ಕ್ಯಾಂಡಲ್‌ಸ್ಟಿಕ್ಸ್' ಪುಸ್ತಕ. ಅಲ್ಲಿಂದ ಅವು ಕಂಪ್ಯೂಟರಿಗೆ ಬಂದವು, ಈಗ ಮೊಬೈಲ್ ಆ್ಯಪ್‌ಗಳಲ್ಲಿ ಒಂದು ಆಯ್ಕೆಯಾಗಿ ಕೂತಿವೆ.

ಒಂದು ಷೇರಿನ ದಿನದ ಮುಕ್ತಾಯದ ಬೆಲೆಗಳು ಹೀಗಿವೆ ಎಂದುಕೊಳ್ಳೋಣ: 100, 102, 101, 105, 109, 107, 104, 103, 101, 98, 106.

ಕಾಗಿಯಲ್ಲಿ ತಿರುವಿನ ಅಳತೆಯನ್ನು ಚಾರ್ಟ್ ಬರೆಯುವವನೇ ಮೊದಲು ನಿಗದಿ ಮಾಡಬೇಕು. ಇಲ್ಲಿ ಅದು 4 ರೂಪಾಯಿ ಇರಲಿ. 102, 101ಕ್ಕೆ ಏನೂ ಬರೆಯುವಂತಿಲ್ಲ. 105 ಬಂದಾಗ 100ರಿಂದ ಮೇಲಕ್ಕೆ ಗೆರೆ ಹುಟ್ಟುತ್ತದೆ, 109ರ ತನಕ ಬೆಳೆಯುತ್ತದೆ. 107ಕ್ಕೆ ಇಳಿದದ್ದು ಎರಡೇ ರೂಪಾಯಿ, ಅದು ಗದ್ದಲ. 104ಕ್ಕೆ ಬಂದಾಗ ತುದಿಯಿಂದ ಐದು ರೂಪಾಯಿ ಇಳಿದಂತಾಯಿತು. ಪುಟ್ಟದೊಂದು ಅಡ್ಡಗೆರೆ ಎಳೆದು, ಪಕ್ಕದಲ್ಲಿ ಕೆಳಮುಖದ ಗೆರೆ ಶುರು. ಅದು 98ರವರೆಗೆ ಇಳಿಯುತ್ತದೆ.

ಆದರೆ ದಿಕ್ಕು ಬದಲಾದ ಮಾತ್ರಕ್ಕೆ ಕಾಗಿ ಗಾಬರಿಯಾಗುವುದಿಲ್ಲ. ಅದರಲ್ಲಿ ಇನ್ನೊಂದು ತಿರುವಿದೆ: ಗೆರೆಯ ದಪ್ಪ. ದಪ್ಪ ಗೆರೆ ಹಿಂದಿನ ತಗ್ಗನ್ನು ದಾಟಿ ಕೆಳಗಿಳಿದರಷ್ಟೇ ತೆಳುವಾಗುತ್ತದೆ. ತೆಳುಗೆರೆ ಹಿಂದಿನ ಎತ್ತರವನ್ನು ಮೀರಿದಾಗ ದಪ್ಪವಾಗುತ್ತದೆ. ಆರಂಭದ 100ನ್ನೇ ತಗ್ಗೆಂದು ಹಿಡಿದರೆ, 98ರ ದಿನ ನೂರರಿಂದ ಕೆಳಗಿನ ತುಣುಕು ಮಾತ್ರ ತೆಳುವಾಗುತ್ತದೆ. ಮರುದಿನ 106 ಬಂದಾಗ ಗೆರೆ ಮೇಲಕ್ಕೆ ತಿರುಗುತ್ತದೆ, ಆದರೂ 109 ದಾಟದ್ದರಿಂದ ತೆಳುವಾಗಿಯೇ ಉಳಿಯುತ್ತದೆ.

ತ್ರೀ ಲೈನ್ ಬ್ರೇಕ್‌ನಲ್ಲಿ ಹೊರಗಿನ ಅಳತೆಯೇ ಇಲ್ಲ. ಹೊಸ ಎತ್ತರ ಬಂದಾಗಲೆಲ್ಲ ಒಂದು ಬಿಳಿ ಗೆರೆ: 100ರಿಂದ 102, 102ರಿಂದ 105, 105ರಿಂದ 109. ಹೀಗೆ ಒಂದೇ ಬಣ್ಣದ ಮೂರು ಗೆರೆ ಸಾಲಾಗಿ ಬಂದ ಮೇಲೆ, ಆ ಮೂರರ ಬುಡ ಒಡೆದರಷ್ಟೇ ತಿರುವು. ಅಂದರೆ 104, 103, 101 ಯಾವುದಕ್ಕೂ ಚಾರ್ಟ್ ಮಿಸುಕುವುದಿಲ್ಲ. 98ರಲ್ಲಿ ನೂರು ಒಡೆಯುತ್ತದೆ, ಕಪ್ಪು ಗೆರೆ ಬೀಳುತ್ತದೆ. ಕಾಗಿ ತೆಳುವಾದ ದಿನವೇ ಇದೂ ತಿರುಗಿತು ಎಂಬುದನ್ನು ಗಮನಿಸಿ. ಪೇಟೆ ಜೋರಾಗಿ ಓಡಿದ್ದರೆ ಮೂರು ಗೆರೆಗಳು ಉದ್ದವಾಗಿರುತ್ತವೆ, ತಿರುವಿನ ಅಂತರವೂ ತಾನಾಗಿ ದೊಡ್ಡದಾಗುತ್ತದೆ. ಅದೇ ಇದರ ಜಾಣತನ, ಅದೇ ದುಬಾರಿ ಗುಣವೂ ಹೌದು.

ಮೋಸಹೋಗುವುದು ಇಲ್ಲೇ. ಆ ಕಪ್ಪು ಗೆರೆಯನ್ನು ಎಳೆಯುವುದು ಕೊನೆಯ ಬಿಳಿ ಗೆರೆಯ ಬುಡವಾದ 105ರಿಂದ. ನೋಡಿದವರಿಗೆ 105ರಲ್ಲೇ ಮಾರಬಹುದಿತ್ತು ಅನ್ನಿಸುತ್ತದೆ. ಸೂಚನೆ ಬಂದದ್ದು 98ರಲ್ಲಿ! ಹಳೆಯ ಚಾರ್ಟ್ ನೋಡಿ ಲಾಭ ಲೆಕ್ಕ ಹಾಕುವವರು ಈ ಏಳು ರೂಪಾಯಿಯನ್ನು ಪುಕ್ಕಟೆ ಜೇಬಿಗೆ ಹಾಕಿಕೊಂಡಿರುತ್ತಾರೆ. ಕಾಗಿಯಲ್ಲೂ ಗೆರೆ 109ರಿಂದ ಇಳಿದಂತೆ ಕಂಡರೂ ತಿಳಿದದ್ದು 104ರಲ್ಲಿ. ಗದ್ದಲ ಸೋಸಿದ್ದಕ್ಕೆ ತೆರುವ ಬೆಲೆ ಈ ತಡ.

ಕಂಪ್ಯೂಟರ್ ಬಂದ ಮೇಲಿನ ಮುಖ್ಯ ಬದಲಾವಣೆ ಕಾಗಿಯ ಅಳತೆಯದು. ಸೆನ್ಸೆಕ್ಸ್ 4,000 ಮುಟ್ಟಿದ 1992ರಲ್ಲಿ 100 ಅಂಶವೆಂದರೆ ಶೇ. 2.5, 80,000 ದಾಟಿದ 2024ರಲ್ಲಿ ಅದು ಶೇ. 0.125 ಮಾತ್ರ. ದೀರ್ಘ ಕಾಲದ ಚಾರ್ಟ್‌ಗೆ ಹಾಗಾಗಿ ಶೇಕಡಾವಾರು ಅಳತೆಯೇ ಸರಿ. ಇತ್ತೀಚಿನ ದಿನಗಳ ಸರಾಸರಿ ಏರಿಳಿತವನ್ನೇ ಅಳತೆಯಾಗಿಸುವ ಪದ್ಧತಿಯೂ ಇದೆ, ಆದರೆ ಆ ಸರಾಸರಿ ಬದಲಾದಾಗ ಕೆಲವು ತಂತ್ರಾಂಶಗಳು ಹಳೆಯ ಗೆರೆಗಳನ್ನೂ ತಿದ್ದಿಬಿಡುತ್ತವೆ. ನನಗೆ ಅದು ಹಿಡಿಸುವುದಿಲ್ಲ.

ತ್ರೀ ಲೈನ್ ಬ್ರೇಕ್‌ನಲ್ಲಿ ತಕರಾರು ಇರುವುದು ನಿಯಮದಲ್ಲೇ. ಕಪ್ಪು ಗೆರೆ ಒಂದೇ ಇದ್ದು 106 ಬಂದರೆ? ಕೊನೆಯ ಗೆರೆಯ ತಲೆಯಾದ 105 ದಾಟಿದರೆ ಸಾಕು, ಬಿಳಿ ಗೆರೆ ಎಳೆಯಿರಿ ಎನ್ನುತ್ತದೆ ಒಂದು ಓದು. ಬಣ್ಣ ಯಾವುದೇ ಇರಲಿ, ಕೊನೆಯ ಮೂರು ಗೆರೆಗಳ ತುದಿಯಾದ 109 ದಾಟಲೇಬೇಕು ಎನ್ನುತ್ತದೆ ಇನ್ನೊಂದು. ಅಂಕಿಗಳು ಒಂದೇ, ಚಿತ್ರ ಎರಡು. ನಿಮ್ಮ ಆ್ಯಪ್ ಇವುಗಳಲ್ಲಿ ಯಾವುದನ್ನು ಪಾಲಿಸುತ್ತದೆ ಎಂದು ತಿಳಿಯಲು, ಒಂಟಿ ಗೆರೆಯ ನಂತರ ಬಂದ ತಿರುವೊಂದನ್ನು ಹುಡುಕಿ, ಕಾಗದದ ಮೇಲೆ ಕೈಯಿಂದ ಬರೆದು ಹೋಲಿಸಿ. ಹಣ ಹಾಕುವ ಮೊದಲೇ ಈ ಕೆಲಸ ಮುಗಿಸಿ.